ಕತ್ತರಿಸಿದ ಸ್ಟ್ರಿಪ್, ಕಾಣದ ಬ್ಯಾಚ್ ನಂಬರ್: ಮಾತ್ರೆಯ ಅಡ್ಡಪರಿಣಾಮ ವರದಿ ಮಾಡುವ ಬಗೆ

ನನ್ನದು ದಾವಣಗೆರೆಯಲ್ಲಿ ಒಂದು ಸಣ್ಣ ಮೆಡಿಕಲ್ ಶಾಪ್. ಜೂನ್ 11ರ ಬೆಳಿಗ್ಗೆ, ಇನ್ನೂ ಅರ್ಧ ಶಟರ್ ಎತ್ತಿದ್ದೆ ಅಷ್ಟೇ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ನಮ್ಮ ಗಿರಾಕಿಯೊಬ್ಬರು ಬಂದರು. ಅವರನ್ನು ಎಂ.ಆರ್. ಎಂದು ಕರೆಯೋಣ. ವರದಿಯಲ್ಲೂ ಹೆಸರಿನ ಮೊದಲಕ್ಷರ ಹಾಕಿದರೆ ಸಾಕು. ಕೆಳತುಟಿ ಊದಿಕೊಂಡು ಒಂದು ಕಡೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಎಡ ಮಣಿಕಟ್ಟಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ದುಂಡಗಿನ ಕೆಂಪು ಮಚ್ಚೆ, ನಡುವೆ ಸಣ್ಣ ನೀರುಗುಳ್ಳೆ.

"ಅಣ್ಣಾ, ನೀವು ಕೊಟ್ಟ ಭೇದಿ ಗುಳಿಗೆ ತಗೊಂಡ ಮೇಲೆ ಹಿಂಗಾಗೇತಿ. ಹೋದ ವರ್ಷನೂ ಇದೇ ಜಾಗದಾಗ ಬಂದಿತ್ತು ನೋಡ್ರಿ."

ಕೊನೆಯ ಮಾತು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಹಿಂದಿನ ದಿನ ಸಂಜೆಯೇ ಡಾಕ್ಟರಿಗೆ ತೋರಿಸಿದ್ದರು. ಅವರು ಮಾತ್ರೆ ನಿಲ್ಲಿಸಿ, ಹಚ್ಚಲು ಮುಲಾಮು ಮತ್ತು ತುರಿಕೆಗೆ ಮಾತ್ರೆ ಬರೆದಿದ್ದರು. ಚಿಕಿತ್ಸೆಯ ಕೆಲಸ ಅಲ್ಲಿಗೆ ಮುಗಿದಿತ್ತು, ಉಳಿದದ್ದು ವರದಿ ಮಾಡುವ ಕೆಲಸ. ಅದನ್ನು ನಾವಿಬ್ಬರೂ ಕೂತು ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಅನ್ನೋದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಇಂಥದ್ದು ಆದರೆ ನಮ್ಮಷ್ಟು ತಡಕಾಡಬೇಕಾಗಿಲ್ಲ.

ಅದಕ್ಕೂ ಮುಂಚೆ ಒಂದು ಮಾತು. ಉಸಿರಾಟಕ್ಕೆ ತೊಂದರೆ, ನಾಲಿಗೆ ಅಥವಾ ಮುಖ ಊದುವುದು, ಬಾಯಿ ಮತ್ತು ಕಣ್ಣಿನಲ್ಲಿ ಹುಣ್ಣು, ಚರ್ಮ ಸುಲಿಯುವುದು, ಮೈ ತುಂಬಾ ಗುಳ್ಳೆ, ಇವುಗಳಲ್ಲಿ ಯಾವುದು ಕಂಡರೂ ಫೋಟೋ, ಫಾರಂ ಎಲ್ಲ ಆಮೇಲೆ. ಮೊದಲು 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಹೋಗುವಾಗ ಮಾತ್ರೆಯ ಸ್ಟ್ರಿಪ್ ಜೇಬಿನಲ್ಲಿರಲಿ. ಬಿಪಿ, ಸಕ್ಕರೆ, ಮೂರ್ಛೆ, ಟಿಬಿ ಮಾತ್ರೆಗಳನ್ನು ಅನುಮಾನ ಬಂತೆಂದು ನೀವೇ ನಿಲ್ಲಿಸಬೇಡಿ. ಅವತ್ತೇ ಡಾಕ್ಟರನ್ನು ಕೇಳಿ. ಹಾಗೆಯೇ, "ಇದೇ ಮಾತ್ರೆಯಿಂದಲೋ ಅಲ್ಲವೋ ನೋಡೋಣ" ಅಂತ ಇನ್ನೊಂದು ನುಂಗಿ ಪರೀಕ್ಷೆ ಮಾಡಲೇಬೇಡಿ.

ಮೊದಲ ಕೆಲಸ: ಏನನ್ನೂ ಎಸೆಯಬೇಡಿ

ಎಂ.ಆರ್. ಕೈಯಲ್ಲಿ ಎರಡು ಮಾತ್ರೆ ಉಳಿದಿದ್ದ ಸ್ಟ್ರಿಪ್ ತುಂಡು ಇತ್ತು. ನಾಲ್ಕು ತಗೊಂಡಿದ್ದರು, ಎರಡು ನುಂಗಿದ್ದರು. ಹೆಂಡತಿ "ಈ ದರಿದ್ರ ಗುಳಿಗಿ ಮನೆಯಾಗ ಯಾಕ?" ಅಂತ ಕಸಕ್ಕೆ ಹಾಕಿದ್ದರಂತೆ, ಇವರು ಹುಡುಕಿ ತಂದಿದ್ದರು. ಆ ಒಂದು ಕೆಲಸದಿಂದಲೇ ಅರ್ಧ ವರದಿ ಉಳಿಯಿತು.

ಉಳಿದ ಮಾತ್ರೆ, ಖಾಲಿ ಸ್ಟ್ರಿಪ್, ಹೊರಗಿನ ರಟ್ಟಿನ ಡಬ್ಬಿ, ಒಳಗಿನ ಮಡಚಿದ ಕಾಗದ, ಬಿಲ್, ಡಾಕ್ಟರ ಚೀಟಿ, ಇವೆಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ. ಮೇಲೆ "ತಗೋಬಾರದು" ಅಂತ ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಸಿರಪ್ ಆದರೆ ಬಾಟಲಿಯನ್ನು ತೊಳೆಯಬೇಡಿ, ಮುಚ್ಚಳ ಬಿಗಿ ಮಾಡಿ ಹಾಗೇ ಇಡಿ. ವರದಿಯ ಜೊತೆ ಇವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಮುಂದೆ ಯಾರಾದರೂ ಕೇಳಿದರೆ ತೋರಿಸುವುದಕ್ಕೆ ಇರಬೇಕು.

ಎರಡನೆಯದು: ಫೋಟೋ

"ಫೋಟೋ ಹೊಡೆಯೋದು ಏನು ಮಹಾ" ಅನ್ನಿಸಬಹುದು. ಆದರೆ ನಮಗೆ ಬರುವ ಹತ್ತು ಫೋಟೋಗಳಲ್ಲಿ ಏಳೆಂಟರಲ್ಲಿ ಹೊಳೆಯುವ ಬೆಳ್ಳಿ ಹಾಳೆ ಕಾಣುತ್ತದೆಯೇ ಹೊರತು ಅಕ್ಷರ ಕಾಣುವುದಿಲ್ಲ. ಫಾಯಿಲ್ ಕನ್ನಡಿಯ ಹಾಗೆ. ಫ್ಲ್ಯಾಶ್ ಹಾಕಿದರೆ ಬೆಳಕೆಲ್ಲ ವಾಪಸ್ ಹೊಡೆದು ನಂಬರ್ ಮಾಯ. ಫ್ಲ್ಯಾಶ್ ಆರಿಸಿ, ಬಾಗಿಲು ಅಥವಾ ಕಿಟಕಿ ಹತ್ತಿರ ಹೋಗಿ, ಸ್ಟ್ರಿಪ್ಪನ್ನು ಗಾಢ ಬಣ್ಣದ ಬಟ್ಟೆಯ ಮೇಲಿಡಿ. ಸ್ವಲ್ಪ ಓರೆ ಮಾಡುತ್ತಾ ಹೋದರೆ ಒಂದು ಕೋನದಲ್ಲಿ ಹೊಳಪು ಸರಿದು ಅಕ್ಷರ ಎದ್ದು ಕಾಣುತ್ತದೆ. ಆಗ ಕ್ಲಿಕ್ ಮಾಡಿ. ಹತ್ತಿರ ಹೋಗಿ ಮಸುಕಾಗುವುದಕ್ಕಿಂತ ಒಂದು ಗೇಣು ದೂರದಿಂದ ತೆಗೆದು ಆಮೇಲೆ ದೊಡ್ಡದು ಮಾಡಿ ನೋಡುವುದೇ ಮೇಲು.

ಕೆಲವು ಸ್ಟ್ರಿಪ್‌ಗಳಲ್ಲಿ ಬ್ಯಾಚ್ ನಂಬರಿಗೆ ಇಂಕೇ ಇರುವುದಿಲ್ಲ. ಅಂಚಿನಲ್ಲಿ ಒತ್ತಿ ಮೂಡಿಸಿರುತ್ತಾರೆ. ಎದುರಿನಿಂದ ನೋಡಿದರೆ ಏನೂ ಕಾಣದು. ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ, ಹೆಚ್ಚುಕಡಿಮೆ ಮೇಜಿಗೆ ಸಮವಾಗಿ ಹಿಡಿಯಿರಿ. ತಗ್ಗಿನಲ್ಲಿ ನೆರಳು ಬಿದ್ದು ಅಂಕಿ ಕಾಣುತ್ತದೆ. ಅದೂ ಆಗದಿದ್ದರೆ ತೆಳುವಾದ ಕಾಗದವನ್ನು ಮೇಲಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿ. ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ವಾ, ಅದೇ ಥರ.

ಏನೇನು ಫೋಟೋದಲ್ಲಿ ಬರಬೇಕು? ಮಾತ್ರೆಯ ಹೆಸರು ಮತ್ತು ಒಳಗಿರುವ ಔಷಧಗಳ ಪ್ರಮಾಣ. ಬ್ಯಾಚ್ ನಂಬರ್, ತಯಾರಾದ ತಿಂಗಳು, ಮುಗಿಯುವ ತಿಂಗಳು. ತಯಾರಕರ ಹೆಸರು, ವಿಳಾಸ. ಇಲ್ಲೊಂದು ಸೂಕ್ಷ್ಮವಿದೆ. ದೊಡ್ಡ ಅಕ್ಷರದಲ್ಲಿ ಕಾಣುವ ಕಂಪನಿ ಎಷ್ಟೋ ಸಲ ಮಾರುವ ಕಂಪನಿ ಮಾತ್ರ. ತಯಾರಿಸಿದವರು ಬೇರೆ ಇರುತ್ತಾರೆ, ಅದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಎರಡೂ ಬೇಕು. ಆಮೇಲೆ ಬಿಲ್ ಮತ್ತು ಡಾಕ್ಟರ ಚೀಟಿ. ಒಂದೇ ಫೋಟೋದಲ್ಲಿ ಎಲ್ಲ ತುರುಕಬೇಡಿ, ನಾಲ್ಕೈದು ಬೇರೆ ಬೇರೆ ತೆಗೆಯಿರಿ.

ಡಬ್ಬಿ ಅಥವಾ ಸ್ಟ್ರಿಪ್ ಮೇಲೆ ಕ್ಯೂಆರ್ ಕೋಡ್ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ ನೋಡಿ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳಿಗೆ ಇದು ಕಡ್ಡಾಯವಾಗಿದೆ. ಅದರಲ್ಲಿ ಬ್ಯಾಚ್ ನಂಬರ್, ಎರಡೂ ದಿನಾಂಕ, ತಯಾರಕರ ವಿಳಾಸ ಎಲ್ಲ ಬರಬೇಕು. ಬಂದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ನಾವು ಮಾರುವ ಎಲ್ಲ ಮಾತ್ರೆಗೂ ಇದು ಇರುವುದಿಲ್ಲ, ಎಂ.ಆರ್. ಮಾತ್ರೆಗೂ ಇರಲಿಲ್ಲ.

ಮೈಮೇಲಿನ ಮಚ್ಚೆಯ ಫೋಟೋ ತೆಗೆಯುವಾಗ ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಡಿ. ಮುಖ ಪೂರ್ತಿ ಬೇಕಾಗಿಲ್ಲ, ತುಟಿಯಷ್ಟೇ ಸಾಕು. ಎಂ.ಆರ್. ದಿನಕ್ಕೊಂದರಂತೆ, ಅದೇ ಕಿಟಕಿ ಪಕ್ಕ ನಿಂತು, ಒಂದು ವಾರ ತೆಗೆದರು. ಫೋಟೋದ ಒಳಗೇ ತಾರೀಖು, ಸಮಯ ಉಳಿದಿರುತ್ತದೆ. ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ, ಆ ತಾರೀಖೂ ಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಮೂಲ ಫೋಟೋ ಫೋನಿನಲ್ಲಿ ಅಳಿಸಬೇಡಿ.

ಮೂರನೆಯದು: ಬ್ಯಾಚ್ ನಂಬರ್ ಹುಡುಕುವುದು

ನಾವು ಎಡವಿದ್ದು ಇಲ್ಲೇ. ಎಂ.ಆರ್. ತಂದ ತುಂಡಿನಲ್ಲಿ ಬ್ಯಾಚ್ ನಂಬರೇ ಇರಲಿಲ್ಲ.

ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಬ್ಯಾಚ್ ಮತ್ತು ದಿನಾಂಕ ಸಾಮಾನ್ಯವಾಗಿ ಒಂದು ತುದಿಯಲ್ಲಿ ಇರುತ್ತದೆ. ಡಾಕ್ಟರು ನಾಲ್ಕು ಬರೆದರೆ ನಾವು ನಾಲ್ಕು ಕತ್ತರಿಸಿ ಕೊಡುತ್ತೇವೆ. ಬ್ಯಾಚ್ ಇರುವ ತುದಿ ಅಂಗಡಿಯಲ್ಲಿ ಉಳಿಯಲಿ ಅಂತ ಆ ಕಡೆಯಿಂದ ಕತ್ತರಿಸುವುದಿಲ್ಲ. ಹಾಗೆ ಮಾಡದಿದ್ದರೆ ಉಳಿದ ಮಾತ್ರೆಯ ಅವಧಿ ಯಾವಾಗ ಮುಗಿಯುತ್ತದೆ ಅನ್ನೋದೇ ನಮಗೆ ಗೊತ್ತಾಗದು. ಆದರೆ ಅದರಿಂದ ಮೊದಲು ತಗೊಂಡವರ ಕೈಗೆ ಬರೀ ಹೆಸರು ಸಿಗುತ್ತದೆ, ಬ್ಯಾಚ್ ಸಿಗುವುದಿಲ್ಲ. ಯಾವ ತುದಿಯಿಂದ ಕತ್ತರಿಸಿದರೂ ಒಬ್ಬರಿಗೆ ಇಲ್ಲ.

ಆಗ ದಾರಿ ಬಿಲ್. ಮೆಡಿಕಲ್ ಶಾಪಿನ ಬಿಲ್ಲಿನಲ್ಲಿ ಮಾತ್ರೆಯ ಹೆಸರಿನ ಪಕ್ಕ ಬ್ಯಾಚ್ ನಂಬರ್ ಮತ್ತು ಅವಧಿ ಇರುತ್ತದೆ. ಎಂ.ಆರ್. ಬಿಲ್ ಕಳೆದಿದ್ದರು. ಹಣ ಫೋನಿನಲ್ಲಿ ಕೊಟ್ಟಿದ್ದರಿಂದ ದಿನ, ಸಮಯ, ಮೊತ್ತ ಸಿಕ್ಕವು. ಅದನ್ನು ಹಿಡಿದು ನಮ್ಮ ಕಂಪ್ಯೂಟರಿನಲ್ಲಿ ಬಿಲ್ ತೆಗೆದೆ. ಬ್ಯಾಚ್ TB5018 ಅಂತ ಇತ್ತು. ಅದನ್ನೇ ಬರೆದು ಮುಗಿಸುತ್ತಿದ್ದೆ. ಯಾಕೋ ಡ್ರಾಯರ್ ಎಳೆದು ನೋಡಿದೆ. ಅದೇ ಮಾತ್ರೆಯ ಆರು ಉಳಿದಿದ್ದ ಸ್ಟ್ರಿಪ್ ಇತ್ತು, ಅದರ ಮೇಲೆ TB5021.

ಇದು ನಮ್ಮ ಅಂಗಡಿಯದೇ ತಪ್ಪು, ಮುಚ್ಚಿಡುವುದಿಲ್ಲ. ಒಂದೇ ಮಾತ್ರೆಯ ಎರಡು ಬ್ಯಾಚ್ ಸ್ಟಾಕಿನಲ್ಲಿದ್ದರೆ ಬಿಲ್ಲಿಂಗ್ ಸಾಫ್ಟ್‌ವೇರ್ ತಾನಾಗಿ ಹಳೆಯದನ್ನು ಮೊದಲು ತೋರಿಸುತ್ತದೆ. ಗಿರಾಕಿ ಜಾಸ್ತಿ ಇದ್ದಾಗ ಹುಡುಗ ಎಂಟರ್ ಒತ್ತಿಬಿಡುತ್ತಾನೆ, ಕೈಯಲ್ಲಿರುವ ಸ್ಟ್ರಿಪ್ ಬೇರೆಯದಿರುತ್ತದೆ. ನಾನು ಎಂ.ಆರ್. ತಂದ ತುಂಡನ್ನು ಡ್ರಾಯರಿನ ತುಂಡಿನ ಪಕ್ಕ ಇಟ್ಟೆ. ಕತ್ತರಿ ಸ್ವಲ್ಪ ಓರೆಯಾಗಿ ಹೋಗಿತ್ತು, ಒಂದು ಅಕ್ಷರದ ನಡುವೆ. ಎರಡೂ ಅಂಚು ಕೂಡಿಸಿದಾಗ ಆ ಅಕ್ಷರ ಪೂರ್ತಿಯಾಯಿತು. ಅಂದರೆ ಅವರು ನುಂಗಿದ್ದು TB5021. ಎರಡು ತುಂಡೂ ಸೇರಿಸಿ ಒಂದು ಫೋಟೋ ತೆಗೆದೆವು. ಡ್ರಾಯರಿನಲ್ಲಿದ್ದ ಆರು ಮಾತ್ರೆಯನ್ನು ಮಾರದೆ ಬೇರೆ ಇಟ್ಟೆ.

ಹಾಗಾಗಿ ನನ್ನ ಸಲಹೆ ಇಷ್ಟು. ಸ್ಟ್ರಿಪ್ ಮತ್ತು ಬಿಲ್ ಬೇರೆ ಬೇರೆ ಹೇಳಿದರೆ ಸ್ಟ್ರಿಪ್ಪನ್ನು ನಂಬಿ. ಸ್ಟ್ರಿಪ್ಪಿನಲ್ಲಿ ಇಲ್ಲದೆ ಬಿಲ್ಲಿನಿಂದಷ್ಟೇ ಸಿಕ್ಕರೆ "ಬಿಲ್ಲಿನ ಪ್ರಕಾರ" ಅಂತ ಸೇರಿಸಿ ಬರೆಯಿರಿ. ಎಲ್ಲೂ ಸಿಗದಿದ್ದರೆ "ಗೊತ್ತಿಲ್ಲ" ಅಂತ ಬರೆಯಿರಿ. ಬ್ಯಾಚ್ ಇಲ್ಲ ಅಂತ ವರದಿಯನ್ನೇ ಬಿಡಬೇಡಿ. ವರದಿಗೆ ಕನಿಷ್ಠ ಬೇಕಾದದ್ದು ನಾಲ್ಕೇ: ರೋಗಿ ಯಾರು, ಹೇಳುತ್ತಿರುವವರು ಯಾರು, ಯಾವ ಔಷಧ, ಏನಾಯಿತು. ಊಹೆಯ ಬ್ಯಾಚ್ ನಂಬರ್ ಮಾತ್ರ ಬೇಡ. ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ನಂಬರ್ ಓದುವಾಗ 8 ಮತ್ತು B, 0 ಮತ್ತು O, 5 ಮತ್ತು S, 1 ಮತ್ತು I ಅದಲುಬದಲಾಗುತ್ತವೆ. ಎಂ.ಆರ್. ಮೊದಲು T85021 ಅಂತಲೇ ಓದಿದ್ದರು. ಅದೇ ಮಾತ್ರೆಯ ಇನ್ನೊಂದು ಸ್ಟ್ರಿಪ್ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲಿ ಅಕ್ಷರ, ಎಲ್ಲಿ ಅಂಕಿ ಬರುತ್ತದೆ ಅನ್ನೋದು ತಿಳಿಯುತ್ತದೆ. ಇನ್ನೊಂದು ಸಾಮಾನ್ಯ ತಪ್ಪು, ತಯಾರಿಕಾ ಲೈಸೆನ್ಸ್ ನಂಬರನ್ನೇ ಬ್ಯಾಚ್ ಅಂದುಕೊಳ್ಳುವುದು. ಬ್ಯಾಚ್ ಮುಂದೆ B.No. ಅಥವಾ Batch ಅಂತ ಇರುತ್ತದೆ. ಲೈಸೆನ್ಸ್ ಮುಂದೆ M.L. ಅಥವಾ Lic. ಅಂತ ಇರುತ್ತದೆ. ಫೋಟೋ ಇದ್ದರೂ ನಂಬರನ್ನು ಅಕ್ಷರದಲ್ಲಿ ಬರೆಯಲೇಬೇಕು. ನೂರಾರು ವರದಿಗಳ ನಡುವೆ ಒಂದೇ ಬ್ಯಾಚನ್ನು ಹುಡುಕುವಾಗ ಕಂಪ್ಯೂಟರ್ ಹುಡುಕುವುದು ಬರೆದ ಅಕ್ಷರವನ್ನು, ಚಿತ್ರವನ್ನಲ್ಲ.

ಬ್ಯಾಚ್ ಯಾಕೆ ಇಷ್ಟು ಮುಖ್ಯ? ಒಂದು ಬ್ಯಾಚ್ ಅಂದರೆ ಒಂದೇ ಸಲಕ್ಕೆ, ಒಂದೇ ಹದದಲ್ಲಿ ತಯಾರಾದ ಸರಕು. ತೊಂದರೆ ಔಷಧದ ಗುಣದಿಂದಲೇ ಬಂತೋ, ತಯಾರಿಕೆಯಲ್ಲಿ ಏನೋ ಕೆಟ್ಟಿತೋ ಅಂತ ಬೇರ್ಪಡಿಸಲು ಇದೇ ಎಳೆ. 2024ರ ನವೆಂಬರಿನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಅನುಮಾನ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ ಹೋಯಿತು. ಆಗ ಪರೀಕ್ಷೆ ನಡೆದದ್ದು ಬ್ಯಾಚ್ ಬ್ಯಾಚ್ ಹಿಡಿದೇ. ಲಸಿಕೆ, ಇನ್ಸುಲಿನ್, ಡ್ರಿಪ್, ಇಂಜೆಕ್ಷನ್ ಇವುಗಳಲ್ಲಂತೂ ಬ್ಯಾಚ್ ಬಿಡಲೇಬಾರದು. ಆಸ್ಪತ್ರೆಯಲ್ಲಿ ಹಾಕಿದ್ದಾದರೆ ಸ್ಟಿಕ್ಕರ್ ಅಥವಾ ನರ್ಸ್ ಬರೆದ ಚಾರ್ಟಿನಿಂದ ಕೇಳಿ ಪಡೆಯಿರಿ.

ನಾಲ್ಕನೆಯದು: ತಾರೀಖು ಜೋಡಿಸುವುದು

ಫಾರಂನಲ್ಲಿ ತಾರೀಖು ಕೇಳಿದ ಕೂಡಲೇ ಹೆಚ್ಚಿನವರು ಡಾಕ್ಟರ ಹತ್ತಿರ ಹೋದ ದಿನವನ್ನೇ ಬರೆಯುತ್ತಾರೆ. ಅದಲ್ಲ ಬೇಕಾದದ್ದು. ಮೊದಲ ಮಾತ್ರೆ ನುಂಗಿದ್ದು ಯಾವಾಗ, ತೊಂದರೆ ಮೊದಲು ಗೊತ್ತಾದದ್ದು ಯಾವಾಗ, ಮಾತ್ರೆ ನಿಲ್ಲಿಸಿದ್ದು ಯಾವಾಗ, ತೊಂದರೆ ಇಳಿದದ್ದು ಯಾವಾಗ, ಈ ನಾಲ್ಕು ಬೇಕು. ಗಂಟೆಯೂ ನೆನಪಿದ್ದರೆ ಇನ್ನೂ ಒಳ್ಳೆಯದು.

ಎಂ.ಆರ್. ಮೊದಲು "ಗುಳಿಗಿ ತಗೊಂಡ ಮಾರನೇ ದಿನ ಬಂತು" ಅಂದರು. ಕೆದಕಿ ಕೇಳಿದಾಗ ಕಥೆ ಬಿಚ್ಚಿಕೊಂಡಿತು. ಜೂನ್ 9ರ ರಾತ್ರಿ 9ಕ್ಕೆ ಊಟವಾದ ಮೇಲೆ ಮೊದಲ ಮಾತ್ರೆ. 10ರ ಬೆಳಗಿನ ಜಾವ 5ಕ್ಕೆ, ಭಟ್ಟಿಗೆ ಹೊರಡುವಾಗ, ತುಟಿ ಉರಿ. ಮಿರ್ಚಿ ಖಾರ ಇರಬೇಕು ಅಂದುಕೊಂಡು 8.30ಕ್ಕೆ ಎರಡನೇ ಮಾತ್ರೆ ನುಂಗಿದರು. ಹತ್ತು ಗಂಟೆಗೆಲ್ಲ ಮಣಿಕಟ್ಟು ಕೆಂಪಾಯಿತು. ಸಂಜೆ ಡಾಕ್ಟರ್, ಮಾತ್ರೆ ಬಂದ್. 11ಕ್ಕೆ ನೀರುಗುಳ್ಳೆ. 16ರ ಹೊತ್ತಿಗೆ ಒಣಗಿ ಹೊಟ್ಟು ಎದ್ದಿತು, ಕಪ್ಪು ಕಲೆ ಉಳಿಯಿತು.

ಮೊದಲ ಮಾತ್ರೆಗೂ ಮೊದಲ ಉರಿಗೂ 8 ಗಂಟೆ. ಎರಡನೆಯದರಿಂದ ಹೆಚ್ಚಾಯಿತು. ನಿಲ್ಲಿಸಿದ ಮೇಲೆ ಇಳಿಯಿತು. ವರದಿ ಓದುವ ತಜ್ಞರು ಔಷಧಕ್ಕೂ ತೊಂದರೆಗೂ ನಂಟು ಎಷ್ಟು ಗಟ್ಟಿ ಅಂತ ಅಳೆಯುವುದು ಈ ಸಾಲಿನಿಂದಲೇ. "ಮಾರನೇ ದಿನ" ಅಂತ ಬರೆದಿದ್ದರೆ ಇದೆಲ್ಲ ಹೋಗುತ್ತಿತ್ತು.

ನಿಖರ ದಿನ ನೆನಪಿಲ್ಲದಿದ್ದರೆ ಸಂತೆ, ಅಮಾವಾಸ್ಯೆ, ಸಂಬಳದ ದಿನ, ಹಣ ಕಳಿಸಿದ ಮೆಸೇಜು ಹಿಡಿದು ಹಿಂದಕ್ಕೆ ಹೋಗಿ. ಅಷ್ಟಾದರೂ ಸಿಗದಿದ್ದರೆ ತಿಂಗಳು, ವರ್ಷ ಮಾತ್ರ ಬರೆಯಿರಿ. ಅದಕ್ಕೆ ಅಡ್ಡಿಯಿಲ್ಲ.

ಸ್ಟ್ರಿಪ್ ಮೇಲಿನ ಅವಧಿ ತಿಂಗಳು-ವರ್ಷದ ಲೆಕ್ಕದಲ್ಲಿ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಅಂತ ಅರ್ಥ. ಅವಧಿ ಮುಗಿದ ಮಾತ್ರೆ ನುಂಗಿದ್ದರೂ ನಾಚಿಕೊಂಡು ಮುಚ್ಚಿಡಬೇಡಿ.

ಐದನೆಯದು: ಬೇರೆ ಏನೇನು ತಗೊಂಡಿರಿ

ಎಂ.ಆರ್. ಮೊದಲು "ಬೇರೆ ಏನೂ ಇಲ್ಲ ಬಿಡ್ರಿ" ಅಂದರು. ಆಮೇಲೆ ಒಂದೊಂದೇ ಹೊರಬಂತು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಬಿಪಿಗೆ ಅಮ್ಲೊಡಿಪಿನ್ 5 ಮಿಲಿಗ್ರಾಂ. 9ರಂದು ಮಧ್ಯಾಹ್ನ ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಒಂದು. ಓಆರ್‌ಎಸ್ ಎರಡು ಪಾಕೀಟು. ಪಕ್ಕದ ಮನೆ ಅಜ್ಜಿ ಮಾಡಿಕೊಟ್ಟ ಕಷಾಯ ಒಂದು ಲೋಟ.

ಎಲ್ಲ ಬರೆದೆವು. ಕಷಾಯವನ್ನೂ. ಯಾವುದರ ಮೇಲೆ ಅನುಮಾನ, ಯಾವುದು ಸುಮ್ನೆ ಜೊತೆಗಿತ್ತು ಅನ್ನೋದನ್ನು ಬೇರೆ ಬೇರೆ ತೋರಿಸಿದರೆ ಸಾಕು. ಪ್ಯಾರಾಸಿಟಮಾಲಿನಿಂದಲೂ ಇಂಥ ಮಚ್ಚೆ ಬರಬಹುದು. ಹಾಗಾಗಿ ಅವರು ಬೇರೆ ಯಾವಾಗಲಾದರೂ ಅದನ್ನು ತಗೊಂಡಿದ್ದರೇ, ಆಗ ಏನೂ ಆಗಿರಲಿಲ್ಲವೇ ಅನ್ನೋದೂ ಉಪಯೋಗದ ಮಾತು. ಹೋದ ದೀಪಾವಳಿಯಲ್ಲಿ ಜ್ವರಕ್ಕೆ ತಗೊಂಡಿದ್ದರು, ಏನೂ ಆಗಿರಲಿಲ್ಲ. ಅದನ್ನೂ ಸೇರಿಸಿದೆವು.

ಆರನೆಯದು: ಬರೆದು ಕಳಿಸುವುದು

ದೇಶದಲ್ಲಿ ಈ ಕೆಲಸಕ್ಕೆ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮ ಅಂತ ಇದೆ. 2010ರಲ್ಲಿ ಶುರುವಾಯಿತು. 2011ರಿಂದ ಅದರ ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್. ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಮಾತ್ರವಲ್ಲ, ರೋಗಿ ಅಥವಾ ಮನೆಯವರೂ ವರದಿ ಕೊಡಬಹುದು. ಜನಸಾಮಾನ್ಯರಿಗೆಂದೇ ಬೇರೆ ಫಾರಂ ಇದೆ, ಅದು ಕನ್ನಡದಲ್ಲೂ ಇದೆ.

ದಾರಿಗಳು ಹಲವು. 1800-180-3024ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ. ಕರೆ ಮಾಡುವಾಗ ಸ್ಟ್ರಿಪ್ ಎದುರಿಗಿರಲಿ, ಬ್ಯಾಚ್ ನಂಬರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ. ಫೋನಿನಲ್ಲಿ ADR PvPI ಆ್ಯಪ್ ಇದೆ, ಕಂಪ್ಯೂಟರಿನಲ್ಲಿ ADRMS ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಫಾರಂ ತುಂಬಿ ಫೋಟೋ ಸಮೇತ pvpi.ipc@gov.in ಗೆ ಮೇಲ್ ಮಾಡಬಹುದು. ಹಲವು ಮೆಡಿಕಲ್ ಕಾಲೇಜುಗಳಲ್ಲಿ ಅಡ್ಡಪರಿಣಾಮ ನಿಗಾ ಕೇಂದ್ರಗಳಿವೆ, ಸಾಮಾನ್ಯವಾಗಿ ಫಾರ್ಮಕಾಲಜಿ ವಿಭಾಗದವರು ನೋಡಿಕೊಳ್ಳುತ್ತಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಮೆಡಿಕಲ್ ಕಾಲೇಜುಗಳಿರುವುದರಿಂದ ಹೋಗಿ ಕೇಳುವುದು ಕಷ್ಟವಲ್ಲ. ಎಂ.ಆರ್. ಬಳಿ ಫೋಟೋ ಜಾಸ್ತಿ ಇದ್ದವು ಅಂತ ನಾವು ಮೇಲ್ ಮಾಡಿದೆವು.

ಜನರ ಫಾರಂನಲ್ಲಿ ಬ್ಯಾಚಿಗೆ ಬೇರೆ ಜಾಗ ಕಾಣದಿದ್ದರೆ ಮಾತ್ರೆಯ ಹೆಸರಿನ ಪಕ್ಕದಲ್ಲೇ ಬರೆಯಿರಿ. "ಏನಾಯಿತು" ಅನ್ನುವ ಜಾಗದಲ್ಲಿ ರೋಗದ ಹೆಸರು ಹಾಕಿ ಮುಗಿಸಬೇಡಿ, ಕಂಡದ್ದನ್ನು ಬರೆಯಿರಿ. ಡಾಕ್ಟರು ಹೆಸರಿಟ್ಟಿದ್ದರೆ ಅದು ಅವರ ಮಾತು ಅಂತ ಬೇರೆ ಬರೆಯಿರಿ. ನಾವು ಬರೆದದ್ದು ಹೀಗಿತ್ತು:

"ಎಂ.ಆರ್., ಗಂಡಸು, 43 ವರ್ಷ, 61 ಕಿಲೋ. ಭೇದಿಗೆ ಡಾಕ್ಟರ ಚೀಟಿಯ ಮೇಲೆ ಆಫ್ಲಾಕ್ಸಾಸಿನ್ 200 ಮಿಲಿಗ್ರಾಂ ಮತ್ತು ಆರ್ನಿಡಜೋಲ್ 500 ಮಿಲಿಗ್ರಾಂ ಸೇರಿದ ಮಾತ್ರೆ, ದಿನಕ್ಕೆ ಎರಡು. ಬ್ಯಾಚ್ TB5021, ಸ್ಟ್ರಿಪ್ಪಿನಿಂದ ಓದಿದ್ದು. ಬಿಲ್ಲಿನಲ್ಲಿ TB5018 ಎಂದು ತಪ್ಪಾಗಿ ಬಂದಿದೆ, ಕತ್ತರಿಸಿದ ಎರಡು ತುಂಡು ಕೂಡಿಸಿದ ಫೋಟೋ ಇದೆ. ಮೊದಲ ಮಾತ್ರೆ ಜೂನ್ 9 ರಾತ್ರಿ 9ಕ್ಕೆ, ಎರಡನೆಯದು 10ರ ಬೆಳಿಗ್ಗೆ 8.30ಕ್ಕೆ, ಆಮೇಲೆ ನಿಲ್ಲಿಸಿದೆ. 10ರ ಬೆಳಗಿನ 5ಕ್ಕೆ ಕೆಳತುಟಿ ಉರಿ, 10 ಗಂಟೆಗೆ ಎಡ ಮಣಿಕಟ್ಟಿನಲ್ಲಿ ದುಂಡಗಿನ ಕೆಂಪು ಮಚ್ಚೆ, 11ಕ್ಕೆ ಗುಳ್ಳೆ. ಮೂರು ದಿನ ಊಟಕ್ಕೆ ತೊಂದರೆ. ಆಸ್ಪತ್ರೆಗೆ ದಾಖಲಾಗಿಲ್ಲ. 16ಕ್ಕೆ ಒಣಗಿತು, ಕಪ್ಪು ಕಲೆ ಉಳಿದಿದೆ. ಹೋದ ವರ್ಷ ಭೇದಿ ಮಾತ್ರೆ ತಗೊಂಡಾಗ ಇದೇ ಎರಡು ಜಾಗದಲ್ಲಿ ಹೀಗೇ ಆಗಿತ್ತು. ಆ ಮಾತ್ರೆಯ ಹೆಸರು ನೆನಪಿಲ್ಲ. ಡಾಕ್ಟರು ಇದನ್ನು ಫಿಕ್ಸೆಡ್ ಡ್ರಗ್ ಎರಪ್ಷನ್ ಅಂದಿದ್ದಾರೆ."

ಇದರ ಕೆಳಗೆ ಜೊತೆಗಿದ್ದ ಔಷಧಗಳು ಮತ್ತು ನನ್ನ ಹೆಸರು, ಫೋನ್ ನಂಬರ್. ಹೆಸರು-ವಿಳಾಸವನ್ನು ಗುಟ್ಟಾಗಿಯೇ ಇಡುತ್ತಾರೆ. ಏನಾದರೂ ಸ್ಪಷ್ಟವಾಗಬೇಕಿದ್ದರೆ ಕೇಳಲು ಸಂಪರ್ಕ ಬೇಕು, ಅಷ್ಟೇ. ಡಾಕ್ಟರೂ ವರದಿ ಕೊಟ್ಟಿದ್ದಾರೆ ಅಂತ ಗೊತ್ತಿದ್ದರೆ ಅದನ್ನೂ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಒಂದೇ ಘಟನೆ ಎರಡಾಗಿ ಲೆಕ್ಕಕ್ಕೆ ಬರಬಹುದು. ಮಾತ್ರೆಯಿಂದಲೇ ಆಯಿತು ಅಂತ ನೀವು ಸಾಬೀತು ಮಾಡಬೇಕಾಗಿಲ್ಲ, ಅನುಮಾನ ಇದ್ದರೆ ಸಾಕು. ಇದು ಡಾಕ್ಟರ ಮೇಲೋ ಅಂಗಡಿ ಮೇಲೋ ಕೊಡುವ ದೂರೂ ಅಲ್ಲ. ಪರಿಹಾರದ ಹಣ ಇದರಿಂದ ಬರುವುದಿಲ್ಲ. ಮಾತ್ರೆಯೇ ಕೆಟ್ಟಂತೆ ಕಂಡರೆ, ಅಂದರೆ ಬಣ್ಣ ಬದಲಾಗಿದ್ದರೆ, ಪುಡಿಯಾಗುತ್ತಿದ್ದರೆ, ಸಿರಪ್ಪಿನಲ್ಲಿ ಏನೋ ತೇಲುತ್ತಿದ್ದರೆ, ಅದನ್ನು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೂ ಬೇರೆಯಾಗಿ ತಿಳಿಸಬೇಕು.

ಕಳಿಸಿದ ಮೇಲೆ ಏನಾಗುತ್ತದೆ? ವರದಿಗೆ ಒಂದು ನಂಬರ್ ಸಿಗುತ್ತದೆ, ತಜ್ಞರು ನಂಟನ್ನು ಅಳೆಯುತ್ತಾರೆ, ದೇಶದ ದತ್ತಾಂಶಕ್ಕೆ ಸೇರುತ್ತದೆ, ಅಲ್ಲಿಂದ ಸ್ವೀಡನ್ನಿನ ಉಪ್ಸಾಲಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರದ ದತ್ತಾಂಶಕ್ಕೂ ಹೋಗುತ್ತದೆ. ಒಂದೇ ವರದಿಯಿಂದ ಏನೂ ತೀರ್ಮಾನವಾಗುವುದಿಲ್ಲ. ಒಂದೇ ಥರದವು ಸೇರಿದಾಗ ಎಚ್ಚರಿಕೆ ಹೊರಬೀಳುತ್ತದೆ. 2023ರ ನವೆಂಬರ್ 30ರಂದು, ಮುಟ್ಟಿನ ನೋವಿಗೆ ತಗೊಳ್ಳುವ ಮೆಫೆನಮಿಕ್ ಆಸಿಡ್ ಬಗ್ಗೆ ಹೀಗೇ ಒಂದು ಎಚ್ಚರಿಕೆ ಬಂತು. ಮೈಮೇಲೆ ದದ್ದು, ಜ್ವರ, ಒಳಗಿನ ಅಂಗಗಳಿಗೂ ತೊಂದರೆ ಕೊಡುವ ಅಪರೂಪದ ಅಲರ್ಜಿ ಬಂದೀತು, ಗಮನವಿಡಿ ಅಂತ.

ಬಿಟ್ಟುಹೋದದ್ದು ಆಮೇಲೆ ಸಿಕ್ಕರೆ

ವರದಿ ಒಮ್ಮೆ ಕಳಿಸಿದರೆ ಮುಗಿಯಿತು ಅಂತಲ್ಲ. ಹೊಸ ವಿಷಯ ಸಿಕ್ಕರೆ ಹಳೆಯ ವರದಿ ನಂಬರ್ ಹಾಕಿ ಮತ್ತೆ ಕಳಿಸಬಹುದು. ಹೊಸ ವರದಿ ಅಂತ ಕಳಿಸಬೇಡಿ.

ಮೂರು ವಾರದ ಮೇಲೆ ಎಂ.ಆರ್. ಹೆಂಡತಿ ಅಂಗಡಿಗೆ ಬಂದರು. "ದೇವರ ಮಾಡದಾಗ ಹಳೇ ಗುಳಿಗಿ ಡಬ್ಬಿ ಸ್ವಚ್ಛ ಮಾಡಾಕತ್ತಿದ್ದೆ, ಇದು ಸಿಕ್ತು ನೋಡ್ರಿ" ಅಂತ ಒಂದು ಸ್ಟ್ರಿಪ್ ಕೊಟ್ಟರು. ಹತ್ತರಲ್ಲಿ ಏಳು ಉಳಿದಿದ್ದವು, ಬ್ಯಾಚಿನ ತುದಿ ಸಮೇತ. ಹೋದ ವರ್ಷದ ಭೇದಿ ಮಾತ್ರೆ. ಬೇರೆ ಬ್ರ್ಯಾಂಡ್, ಬೇರೆ ಕಂಪನಿ, ಬೇರೆ ಬ್ಯಾಚ್, ಬಣ್ಣವೂ ಬೇರೆ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದೆ: ಆಫ್ಲಾಕ್ಸಾಸಿನ್ 200, ಆರ್ನಿಡಜೋಲ್ 500.

ನಮ್ಮ TB5021 ಮೇಲಿನ ಸಂಶಯ ಅಲ್ಲಿಗೆ ಬಹುಮಟ್ಟಿಗೆ ಇಳಿಯಿತು. ಎರಡು ಕಂಪನಿ, ಎರಡು ಬ್ಯಾಚ್, ಒಂದೇ ಔಷಧ ಜೋಡಿ, ಒಂದೇ ಜಾಗದಲ್ಲಿ ಅದೇ ಮಚ್ಚೆ. ಫಿಕ್ಸೆಡ್ ಡ್ರಗ್ ಎರಪ್ಷನ್ ಲಕ್ಷಣವೇ ಅದು. ಆಗದ ಔಷಧ ಮತ್ತೆ ಮೈಸೇರಿದರೆ ಅದೇ ಜಾಗ ಮತ್ತೆ ಕೆಂಪೇರುತ್ತದೆ, ಪ್ರತಿ ಸಲ ಕಲೆ ಇನ್ನಷ್ಟು ಕಪ್ಪಾಗುತ್ತದೆ. ಎರಡು ಔಷಧಗಳಲ್ಲಿ ಯಾವುದರಿಂದ ಅಂತ ಸ್ಟ್ರಿಪ್ ನೋಡಿ ಹೇಳಲಾಗದು. ಅದನ್ನು ಚರ್ಮದ ಡಾಕ್ಟರು ನೋಡಬೇಕು, ಅಲ್ಲಿಯವರೆಗೆ ಎರಡೂ ಬೇಡ ಅಂತ ಅವರ ಡಾಕ್ಟರು ಹೇಳಿದರು. ಹಳೇ ಸ್ಟ್ರಿಪ್ಪಿನ ಎರಡು ಫೋಟೋ, ಅದರ ಬ್ಯಾಚ್, "ಹೋದ ವರ್ಷ ಮೂರು ಮಾತ್ರೆ ತಗೊಂಡಿದ್ದರು, ತಿಂಗಳು ನೆನಪಿಲ್ಲ" ಅನ್ನುವ ಸಾಲು ಸೇರಿಸಿ, ಹಳೇ ನಂಬರ್ ಹಾಕಿ ಅವತ್ತೇ ಕಳಿಸಿದೆವು.

ಆಮೇಲೆ ಒಂದು ಗಟ್ಟಿ ಕಾಗದದ ಮೇಲೆ ಎರಡೂ ಔಷಧದ ಹೆಸರು ಬರೆದುಕೊಟ್ಟೆ. ಬ್ರ್ಯಾಂಡ್ ಹೆಸರು ಬರೆಯಲಿಲ್ಲ. ಅದು ಅಂಗಡಿಗೊಂದು ಥರ ಇರುತ್ತದೆ. ಅವರು ಅದನ್ನು ಫೋನಿನ ಕವರ್ ಒಳಗೆ ಸಿಕ್ಕಿಸಿಕೊಂಡಿದ್ದಾರೆ. ನಮ್ಮ ಹುಡುಗ ಈಗ ಸ್ಟ್ರಿಪ್ ಕತ್ತರಿಸಿ ಕೊಡುವಾಗ ಬಿಲ್ಲಿನ ಬ್ಯಾಚನ್ನು ಸ್ಟ್ರಿಪ್ ಜೊತೆ ತಾಳೆ ನೋಡಿ, ಟಿಕ್ ಹಾಕಿ ಕೊಡುತ್ತಾನೆ. ಸಂಜೆ ಗಿರಾಕಿ ಜಾಸ್ತಿ ಇದ್ದಾಗ ಮರೆಯುತ್ತಾನೆ, ಅವಾಗ ನೀವೇ ಕೇಳಿ.